ಬಾಲಬಸವನ ತೊಟ್ಟಿಲಿಗೆ ಜೋಗುಳ ಕಟ್ಟುವ ಬಗೆ

ವೈಶಾಖ ಶುದ್ಧ ತದಿಗೆಯ ಅಕ್ಷಯ ತೃತೀಯೆಯಂದು ಬಸವ ಜಯಂತಿ. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಈ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪರಿಪಾಠವನ್ನು ಆರಂಭಿಸಿದರು. ಇಂದು ಅನೇಕ ಊರುಗಳಲ್ಲಿ ಜಯಂತಿಯ ದಿನ ಬಾಲಬಸವನ ಮೂರ್ತಿಯನ್ನು ತೊಟ್ಟಿಲಲ್ಲಿಟ್ಟು, ತಾಯಂದಿರು ತೂಗಿ ಹೆಸರಿಡುವ ತೊಟ್ಟಿಲೋತ್ಸವ ನಡೆಯುತ್ತದೆ. ಆ ಹೊತ್ತಿಗೆ ಹಾಡಲು ನಮ್ಮೂರಿನದೇ ಒಂದು ಜೋಗುಳ ಬೇಕೆಂದು ಅಕ್ಕನ ಬಳಗದವರು ಬಯಸುವುದು ಸಹಜ. ಬರೆಯಲು ಕುಳಿತಾಗ ಆಗುವ ತಪ್ಪೂ ಸಾಮಾನ್ಯವಾಗಿ ಒಂದೇ. ಭಕ್ತಿಭಂಡಾರಿ, ಜಗಜ್ಯೋತಿ, ಕಲ್ಯಾಣದ ಮಹಾಮಂತ್ರಿ ಎಂದು ಬಿರುದುಗಳನ್ನೆಲ್ಲ ಪೋಣಿಸಿದ ಸ್ತೋತ್ರ ಸಿದ್ಧವಾಗುತ್ತದೆ. ವೇದಿಕೆಯ ಮೇಲೆ ಅದನ್ನು ಚೆನ್ನಾಗಿ ಓದಬಹುದು. ತೊಟ್ಟಿಲ ಹಗ್ಗ ಹಿಡಿದು ಹಾಡಲು ಮಾತ್ರ ಬರುವುದಿಲ್ಲ.

ಜೋಗುಳಕ್ಕೆ ತಾಳ ಹಾಕುವುದು ತೊಟ್ಟಿಲೇ. ಆದುದರಿಂದ ಲೇಖನಿ ಹಿಡಿಯುವ ಮೊದಲು ಆ ತೊಟ್ಟಿಲನ್ನು ಕಟ್ಟಿ, ಮೂರ್ತಿಯನ್ನು ಇಟ್ಟು, ಒಮ್ಮೆ ತೂಗಿ ನೋಡಬೇಕು. ತೊಟ್ಟಿಲು ಎಷ್ಟು ಬೇಗ ಹೋಗಿ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಹಗ್ಗದ ಉದ್ದ. ತೂಗುವವರ ಕೈಬಲವೂ ಅಲ್ಲ, ಮೂರ್ತಿಯ ಭಾರವೂ ಅಲ್ಲ. ಮನೆಯ ತೊಲೆಗೆ ಕಟ್ಟಿದ ತೊಟ್ಟಿಲು ಸುಮಾರು ಆರು ಅಡಿ ಕೆಳಗೆ ತೂಗುತ್ತಿದ್ದರೆ, ಒಮ್ಮೆ ಹೋಗಿ ಬರಲು ಮೂರು ಸೆಕೆಂಡಿಗಿಂತ ತುಸು ಕಡಿಮೆ ಬೇಕು. ಸಭಾಮಂಟಪದಲ್ಲಿ ನಿಲ್ಲಿಸುವ ಚೌಕಟ್ಟಿನ ಸಣ್ಣ ತೊಟ್ಟಿಲು ಒಂದೂವರೆ ಅಡಿಯಷ್ಟೇ ತೂಗುವುದಾದರೆ ಅದಕ್ಕೆ ಸರಿಯಾಗಿ ಅರ್ಧ ಹೊತ್ತು ಸಾಕು. ಜೋರಾಗಿ ತಳ್ಳಿದರೆ ದೂರ ಹೋಗುತ್ತದೆಯೇ ಹೊರತು ತಾಳ ಬದಲಾಗುವುದಿಲ್ಲ.

ಹಾಡುವ ಜೋಗುಳಕ್ಕೆ ನಾಲ್ಕು ಮಾತ್ರೆಯ ಗಣ ಸರಳವಾದುದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ; ದೀರ್ಘಕ್ಕೆ, ಅನುಸ್ವಾರವಿರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಸಾಲಿಗೆ ನಾಲ್ಕು ಗಣ, ಅಂದರೆ ಹದಿನಾರು ಮಾತ್ರೆ. ಉದ್ದ ಹಗ್ಗದ ತೊಟ್ಟಿಲಲ್ಲಿ ಒಂದು ಗಣಕ್ಕೆ ತೊಟ್ಟಿಲು ಆಚೆ ಹೋಗುತ್ತದೆ, ಮುಂದಿನ ಗಣಕ್ಕೆ ಈಚೆ ಬರುತ್ತದೆ. ಸಣ್ಣ ತೊಟ್ಟಿಲಾದರೆ ಒಂದು ಗಣ ಮುಗಿಯುವುದರೊಳಗೆ ಹೋಗಿ ಬಂದಿರುತ್ತದೆ. ಎರಡಕ್ಕೂ ಹಾಡು ಒಂದೇ, ಹಗ್ಗ ಎಳೆಯುವ ಲೆಕ್ಕ ಬೇರೆ. ಇದನ್ನು ಮೊದಲೇ ತಿಳಿಯದಿದ್ದರೆ ಸಣ್ಣ ತೊಟ್ಟಿಲ ಮುಂದೆ ಹಾಡು ಓಡತೊಡಗುತ್ತದೆ. ಮೂರನೆಯ ನುಡಿಗೆ ಹಾಡುವವರ ಉಸಿರು ಸಾಲದಾಗುತ್ತದೆ.

ಉದಾಹರಣೆಗಾಗಿ ಆರು ನುಡಿಗಳ ಒಂದು ಪದವನ್ನು ಇಲ್ಲಿಯೇ ಕಟ್ಟಿ ನೋಡೋಣ. ಮೊದಲು ಪಲ್ಲವಿ:

ಜೋ ಜೋ ಬಸವಾ ಜೋ ಜೋ ಕೂಸೇ
ಬಾಗೇವಾಡಿಯ ಬೆಳಕೇ ಜೋ ಜೋ

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸುವುದುಂಟು: ‘ಬಸವಣ್ಣನವರು’ ಎನ್ನಬೇಕಾದಲ್ಲಿ ಏಕವಚನವೇಕೆ? ತೊಟ್ಟಿಲ ಬಳಿ ಹಾಡುವವಳು ತಾಯಿ. ‘ಮಲಗಿರಿ, ಪೂಜ್ಯರೆ’ ಎಂದು ತಾಯಿ ಕೂಸಿಗೆ ಹೇಳುವುದಿಲ್ಲ. ಗೌರವದ ಮಾತು ಉಪನ್ಯಾಸದಲ್ಲಿರಲಿ. ತೊಟ್ಟಿಲಲ್ಲಿರುವಷ್ಟು ಹೊತ್ತು ಅವನು ನಮ್ಮ ಕೂಸು. ಅದೇ ಕಾರಣದಿಂದ ಮಂತ್ರಿಪದವಿ, ಅನುಭವ ಮಂಟಪ, ಕಲ್ಯಾಣದ ಕ್ರಾಂತಿ ಇವು ಯಾವುವೂ ಈ ಪದದೊಳಗೆ ಬರಬಾರದು. ಅವೆಲ್ಲ ಇನ್ನೂ ನಡೆದಿಲ್ಲ.

ಮೊದಲ ನುಡಿ ತೊಟ್ಟಿಲಿನದು. ಹಾಡುಗಳಲ್ಲಿ ಬಂಗಾರದ ತೊಟ್ಟಿಲು, ಬೆಳ್ಳಿಯ ಸರಪಳಿ ಎಂದು ಬರೆಯುವ ರೂಢಿ ಹಳೆಯದು. ಆದರೆ ಕಣ್ಣೆದುರಿಗೇ ಮರದ ತೊಟ್ಟಿಲಿರುವಾಗ ಇರುವುದನ್ನೇ ಹೇಳಿದರೆ ಹಾಡುವವರಿಗೆ ಅದು ತಮ್ಮದೆನಿಸುತ್ತದೆ:

ಅಜ್ಜನ ಕಾಲದ ತೇಗದ ತೊಟ್ಟಿಲು
ನಾಲ್ಕೂ ಹಗ್ಗಕೆ ಹೂವಿನ ಮಾಲೇ

ಎರಡನೆಯ ನುಡಿ ಕರೆಯುವ ನುಡಿ. ಈ ಪದದಲ್ಲಿ ಅತ್ಯಂತ ಎಚ್ಚರದಿಂದ ಬರೆಯಬೇಕಾದುದು ಇದೇ. ಲೇಖನಿಗೆ ಮೊದಲು ಬರುವ ಸಾಲು ಹೀಗಿರುತ್ತದೆ: ‘ಮುತ್ತೈದೆಯರೇ ಬನ್ನಿರಿ ಬೇಗಾ’. ಮಾತ್ರೆ ಹದಿನಾರು, ಗಣ ನಾಲ್ಕು, ಛಂದಸ್ಸಿನಲ್ಲಿ ಕುಂದಿಲ್ಲ. ಆದರೆ ಹಾಡು ಆ ಸಾಲಿಗೆ ಬಂದಾಗ ಏನಾಗುತ್ತದೆಂಬುದನ್ನು ಯೋಚಿಸಬೇಕು. ಕರೆದವರು ಮುಂದೆ ಬರುತ್ತಾರೆ. ಗಂಡನನ್ನು ಕಳೆದುಕೊಂಡ ಅವ್ವ, ಬೆಳಗಿನಿಂದ ಗುಗ್ಗರಿ ಬೇಯಿಸಿ, ಹೂ ಕಟ್ಟಿ, ಪ್ರಾಂಗಣ ಗುಡಿಸಿದವಳು, ಕಂಬದ ಹಿಂದೆ ನಿಲ್ಲುತ್ತಾಳೆ. ಅವಳನ್ನು ಯಾರೂ ತಡೆದಿರುವುದಿಲ್ಲ. ಹಾಡೇ ತಡೆದಿರುತ್ತದೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತರಿಗಿಲ್ಲವೆಂದು ಹೇಳುವ ಪರಂಪರೆ ನಮ್ಮದು. ಹಸುಗೂಸನ್ನು ತೊಟ್ಟಿಲಿಗೆ ಹಾಕಲು ಸೂತಕ ಕಳೆಯುವುದನ್ನು ಕಾಯಬೇಕಿಲ್ಲ ಎನ್ನುವವರು, ಆ ತೊಟ್ಟಿಲನ್ನು ತೂಗುವ ಕೈಯಲ್ಲಿ ಮಂಗಳ ಅಮಂಗಳವನ್ನು ಹುಡುಕುವುದು ಹೇಗೆ ಒಪ್ಪಿತವಾದೀತು? ಅದೂ ಬಸವಣ್ಣನವರ ತೊಟ್ಟಿಲ ಮುಂದೆ. ವೇದಿಕೆಯಿಂದ ‘ಎಲ್ಲ ತಾಯಂದಿರೂ ಬನ್ನಿ’ ಎಂದು ಪ್ರಕಟಣೆ ಮಾಡಿದರೂ ಹಾಡಿನಲ್ಲಿ ‘ಮುತ್ತೈದೆಯರೇ’ ಎಂದಿದ್ದರೆ ಜನ ಕೇಳುವುದು ಹಾಡನ್ನೇ. ಆದುದರಿಂದ ನುಡಿಯನ್ನು ಹೀಗೆ ತಿದ್ದಬಹುದು:

ಓಣಿಯ ಅವ್ವಗಳೆಲ್ಲರು ಬನ್ನಿರಿ
ಎಲ್ಲರ ಕೈಯೂ ಹಗ್ಗಕೆ ತಾಗಲಿ

ಒಂದು ವರುಷ ಇದನ್ನು ಹಾಡಿದ ಮಾತ್ರಕ್ಕೆ ಕಂಬದ ಹಿಂದಿನವರು ತಾವಾಗಿ ಮುಂದೆ ಬಂದಾರೆಂದು ತಿಳಿಯಬಾರದು. ಬಳಗದ ಹಿರಿಯಳೊಬ್ಬಳು ಆ ಸಾಲು ಬಂದಾಗ ಅವರ ಕೈ ಹಿಡಿದು ಕರೆತರಬೇಕಾಗುತ್ತದೆ. ಯಾರು ಯಾರನ್ನು ಕರೆತರುವುದೆಂದು ಹಿಂದಿನ ದಿನವೇ ಮಾತಾಡಿಕೊಂಡಿರುವುದು ಒಳ್ಳೆಯದು.

ಮೂರನೆಯ ನುಡಿ ತಂದೆತಾಯಿಯರದು. ತಾಯಿಯ ಹೆಸರು ಮಾದಲಾಂಬಿಕೆ. ‘ಮಾದಲಾಂಬಿಕೆಯ’ ಎಂದು ಎಣಿಸಿದರೆ ಸರಿಯಾಗಿ ಎಂಟು ಮಾತ್ರೆ ಬರುತ್ತದೆ. ಎರಡು ಗಣವಾಯಿತಲ್ಲ ಎಂದು ಬರೆದುಬಿಟ್ಟರೆ ಹಾಡುವಾಗ ನಾಲಗೆ ಎಡವುತ್ತದೆ. ಕಾರಣವಿಷ್ಟೆ: ‘ಮಾದ’ ಎಂಬಲ್ಲಿಗೆ ಮೂರು ಮಾತ್ರೆ, ನಾಲ್ಕನೆಯದು ‘ಲಾಂ’ ಎಂಬ ದೀರ್ಘದ ಅರ್ಧದಲ್ಲಿ ಬೀಳುತ್ತದೆ. ತೊಟ್ಟಿಲು ಹಿಂದಿರುಗುವ ಕ್ಷಣದಲ್ಲಿ ಹಾಡುವವರು ಒಂದು ಅಕ್ಷರದ ನಡುವೆ ಇರುತ್ತಾರೆ. ಒಟ್ಟು ಮಾತ್ರೆ ಕೂಡಿದರೆ ಸಾಲದು, ಗಣದ ಅಂಚಿನಲ್ಲಿ ಅಕ್ಷರವೂ ಮುಗಿಯಬೇಕು. ಮಾದಾಂಬಿಕೆ ಎಂಬ ರೂಪವೂ ಬಳಕೆಯಲ್ಲಿದೆ. ಅದನ್ನು ಹಿಡಿದರೆ ತೊಡಕು ಬಿಡುತ್ತದೆ:

ಮಾದಾಂಬಿಕೆಯಾ ಮಡಿಲಿನ ಮುತ್ತೇ
ಮಾದರಸಯ್ಯನ ಮನೆಯಾ ಸಿರಿಯೇ

‘ಮನೆಯಾ’, ‘ಸಿರಿಯೇ’ ಎಂದು ಕೊನೆಯ ಅಕ್ಷರವನ್ನು ಎಳೆದಿರುವುದು ದೋಷವಲ್ಲ. ಗಣದ ಕೊನೆಯಲ್ಲಿ ತೊಟ್ಟಿಲು ತನ್ನ ತುದಿಗೆ ಹೋಗಿ ಒಂದು ಗಳಿಗೆ ನಿಂತಂತಿರುತ್ತದೆ, ಆಗ ಎಳೆತ ಕಿವಿಗೆ ಹಿತ. ಪದದ ನಡುವಿನ ಅಕ್ಷರವನ್ನು ಎಳೆಯತೊಡಗಿದರೆ ಮಾತು ಮಾತಾಗಿ ಕೇಳಿಸುವುದಿಲ್ಲ.

ನಾಲ್ಕನೆಯದು ಹೆಸರಿಡುವ ನುಡಿ. ಮನೆಗಳಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಬಾಲಬಸವನ ತೊಟ್ಟಿಲಲ್ಲಿ ಆ ಸ್ಥಾನವನ್ನು ಯಾರಿಗೆ ಕೊಡುವುದು? ಬಸವಣ್ಣನವರ ಕಥೆಯಲ್ಲಿ ನಮಗೆ ಹತ್ತಿರದ ಹೆಣ್ಣುಮಗಳು ಅಕ್ಕನಾಗಮ್ಮ. ಕೊನೆಯವರೆಗೂ ತಮ್ಮನ ದಾರಿಯಲ್ಲಿ ನಡೆದವಳು, ಚೆನ್ನಬಸವಣ್ಣನ ತಾಯಿ. ಜಯಂತಿಯ ಭಾಷಣಗಳಲ್ಲಿ ಅವಳಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ತೊಟ್ಟಿಲ ಪದದಲ್ಲಾದರೂ ಒಂದು ಪೂರ್ಣ ನುಡಿ ಸಿಗಲಿ. ಅಕ್ಕ ಎಂದರೆ ಸಾಕು, ಕೇಳುವವರಿಗೆ ತಿಳಿಯುತ್ತದೆ:

ತಮ್ಮನ ಕಿವಿಯಲಿ ಹೆಸರನು ಹೇಳಲು
ಅಕ್ಕನು ಬಂದಳು ಮೆಲ್ಲಗೆ ಬಾಗೀ

ಈ ನುಡಿ ಮುಗಿದೊಡನೆ ಪಲ್ಲವಿಗೆ ಹೋಗಬಾರದು. ಹಾಡು ನಿಲ್ಲಬೇಕು. ಬಳಗದ ಒಬ್ಬ ಹುಡುಗಿ ಅಕ್ಕನಾಗಮ್ಮನಾಗಿ ತೊಟ್ಟಿಲ ಮೇಲೆ ಬಾಗಿ ಹೆಸರು ಹೇಳುತ್ತಾಳೆ. ಸುತ್ತಲಿನವರು ಅವಳ ಬೆನ್ನಿಗೆ ಮೆಲ್ಲಗೆ ಗುದ್ದುತ್ತಾರೆ, ಮಕ್ಕಳು ನಗುತ್ತಾರೆ. ಈ ನಿಲುಗಡೆಯನ್ನು ಬರಹದಲ್ಲಿಯೇ ಗೆರೆ ಎಳೆದು ಸೂಚಿಸಿರಬೇಕು. ಇಲ್ಲದಿದ್ದರೆ ಧ್ವನಿವರ್ಧಕದ ಮುಂದಿರುವವರು ಹಾಡುತ್ತಲೇ ಹೋಗುತ್ತಾರೆ, ಹೆಸರು ಗದ್ದಲದಲ್ಲಿ ಮುಳುಗುತ್ತದೆ. ನಿಂತ ಹಾಡು ಮತ್ತೆ ಏಳುವುದು ಆ ಹೆಸರಿನಿಂದಲೇ:

ಬಸವಾ ಎಂದರೆ ತೊಟ್ಟಿಲು ನಗುವುದು
ಬಸವಾ ಎಂದರೆ ಊರೇ ನಗುವುದು

ಕೊನೆಯ ನುಡಿ ಗುಗ್ಗರಿಯದು. ತೊಟ್ಟಿಲು ನಿಲ್ಲುವ ಮೊದಲೇ ತಟ್ಟೆಗಳು ಹೊರಡುವುದರಿಂದ ಹಾಡೂ ಅತ್ತ ತಿರುಗಬೇಕು. ಉಡಿ ತುಂಬುವಲ್ಲಿಯೂ ಎರಡನೆಯ ನುಡಿಯ ಎಚ್ಚರವೇ ಬೇಕು:

ಗುಗ್ಗರಿ ಹಂಚಿರಿ ಸಕ್ಕರೆ ಹಂಚಿರಿ
ಬಂದವರೆಲ್ಲರ ಉಡಿಯನು ತುಂಬಿರಿ

ಇನ್ನು ಉದ್ದದ ಮಾತು. ಉದ್ದ ಹಗ್ಗದ ತೊಟ್ಟಿಲಲ್ಲಿ ಒಂದು ಸಾಲಿಗೆ ಐದೂವರೆ ಸೆಕೆಂಡು ಹಿಡಿಯುತ್ತದೆ. ಎರಡು ಸಾಲಿನ ನುಡಿ, ಎರಡು ಸಾಲಿನ ಪಲ್ಲವಿ, ಮುಂದೆ ಹಾಡಿದವರ ಸಾಲನ್ನು ಹಿಂದಿನವರು ಮತ್ತೆ ಹಾಡುವುದು ಇವೆಲ್ಲ ಸೇರಿ ಆರು ನುಡಿಗೆ ನಾಲ್ಕೂವರೆ ನಿಮಿಷದ ಒಳಗೆ. ಆದರೆ ಅರವತ್ತು ಜನ ತಾಯಂದಿರು ಬಂದಿದ್ದು, ಒಬ್ಬೊಬ್ಬರೂ ಎರಡು ಸಾಲಿನಷ್ಟು ಹೊತ್ತು ತೂಗುವುದಾದರೆ ಹನ್ನೊಂದು ನಿಮಿಷ ಬೇಕು. ಅದಕ್ಕಾಗಿ ಇಪ್ಪತ್ತು ನುಡಿ ಬರೆಯುವುದು ವ್ಯರ್ಥ, ಯಾರಿಗೂ ನೆನಪಿರುವುದಿಲ್ಲ. ಎರಡನೆಯ ನುಡಿಯನ್ನೂ ಪಲ್ಲವಿಯನ್ನೂ ಸರದಿ ಮುಗಿಯುವವರೆಗೆ ತಿರುಗಿಸಿ ಹಾಡಿದರೆ ಸಾಕು. ಕರೆಯುವ ನುಡಿ ಹತ್ತಾರು ಸಲ ಕೇಳಿಬಂದಷ್ಟೂ ಹಿಂದೆ ನಿಂತವರಿಗೆ ಮುಂದೆ ಬರಲು ಸಮಯ ಸಿಗುತ್ತದೆ. ಸರದಿ ಮುಗಿದ ಮೇಲೆಯೇ ಮೂರನೆಯ ನುಡಿಗೆ ಹೋಗಬೇಕು.

ಬರೆದಾದ ಮೇಲೆ ಪದವನ್ನು ಓದಲು ಬಾರದ ಅಜ್ಜಿಯೊಬ್ಬರಿಗೆ ಎರಡು ಸಲ ಹಾಡಿ ತೋರಿಸಿ, ಮೂರನೆಯ ಸಲ ಅವರಿಂದಲೇ ಹಾಡಿಸಿ ನೋಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗಣ ಮುರಿದಿದೆ ಅಥವಾ ಮಾತು ಪುಸ್ತಕದ್ದಾಗಿದೆ. ಎಲ್ಲಿ ಅವರು ತಮ್ಮದೇ ಬೇರೆ ಮಾತನ್ನು ಹಾಕಿ ಹಾಡುತ್ತಾರೋ ಆ ಮಾತನ್ನೇ ಬರೆದುಕೊಳ್ಳಬಹುದು, ಹದಿನಾರು ಮಾತ್ರೆಗೆ ಅದು ಹೊಂದಿಯೇ ಇರುತ್ತದೆ.