501 ರೂಪಾಯಿ ಇನಾಮು: ತೀರ್ಪನ್ನು ಸಂಗ್ರಹಿಸುವ ಬಗೆ

ನ್ಯಾಯಸ್ಥಾನದ ತೀರ್ಪೊಂದನ್ನು ಓದಿದವರನ್ನು ಅದರಲ್ಲಿ ಏನಿದೆಯೆಂದು ಕೇಳಿದರೆ, ಕೆಲವರು ಗೆದ್ದವರಾರು ಸೋತವರಾರು ಎಂದಷ್ಟೆ ಹೇಳಿ ನಿಲ್ಲಿಸುತ್ತಾರೆ. ಮತ್ತೆ ಕೆಲವರು ಕಥೆಯನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಹೇಳತೊಡಗುತ್ತಾರೆ. ಇವೆರಡೂ ತೀರ್ಪಿನ ಸಂಗ್ರಹವಲ್ಲ. ನಡೆದುದೇನು, ನಿರ್ಣಯಿಸಬೇಕಾಗಿದ್ದ ಪ್ರಶ್ನೆ ಯಾವುದು, ಹಾಗೆ ನಿರ್ಣಯಿಸಲು ಕಾರಣವೇನು, ಕೊನೆಗೆ ಆದ ಆಜ್ಞೆ ಏನು ಎಂಬ ನಾಲ್ಕು ಅಂಗಗಳು ಸಂಗ್ರಹದಲ್ಲಿ ಇರಬೇಕು. ಈ ನಾಲ್ಕರ ಹೆಸರು ಬಹುಮಂದಿಗೆ ಗೊತ್ತು. ಇವು ಒಂದನ್ನೊಂದು ಹೇಗೆ ಹಿಡಿದು ನಿಂತಿವೆ ಎಂಬುದು ಮಾತ್ರ ಅಷ್ಟು ಗೊತ್ತಿಲ್ಲ. ಅದನ್ನು ಒಂದು ಚಿಕ್ಕ ತೀರ್ಪಿನ ಮೂಲಕ ನೋಡೋಣ.

ನಾವು ಆರಿಸಿಕೊಂಡಿರುವುದು 1913ರಲ್ಲಿ ಅಲಹಾಬಾದು ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಬ್ಯಾನರ್ಜಿಯವರು ಕೊಟ್ಟ, ಲಾಲಮನ್ ಶುಕ್ಲ ಮತ್ತು ಗೌರೀದತ್ತ ಇವರ ನಡುವಣ ಮೊಕದ್ದಮೆಯ ತೀರ್ಪು. ಎರಡು ಮೂರು ಪುಟಗಳನ್ನು ಮೀರದ ಈ ತೀರ್ಪನ್ನು ಕರಾರಿನ ಶಾಸನವನ್ನು ಓದುವ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಚಿಕ್ಕದಾಗಿದ್ದರೂ ಇದನ್ನು ತಪ್ಪಾಗಿ ಸಂಗ್ರಹಿಸುವವರೇ ಹೆಚ್ಚು. ನಾವು ಇದನ್ನು ಆರಿಸಿದ ಕಾರಣವೂ ಅದೇ.

ಮೊದಲು ನಡೆದ ಸಂಗತಿ. ಕಾನ್ಪುರದ ಗೌರೀದತ್ತರ ಮನೆಯಿಂದ ಅವರ ಹತ್ತಿರದ ಬಂಧುವಾದ ಹುಡುಗನೊಬ್ಬ ಹೇಳದೆ ಕೇಳದೆ ಹೊರಟುಹೋದನು. ಮನೆಯವರು ನಾನಾ ಕಡೆ ಹುಡುಕಿಸಿದರು. ಅವರ ವ್ಯಾಪಾರದಲ್ಲಿ ಗುಮಾಸ್ತನಾಗಿದ್ದ ಲಾಲಮನ್ ಶುಕ್ಲನನ್ನು, ರೈಲಿನ ಖರ್ಚನ್ನೂ ಇತರ ಖರ್ಚನ್ನೂ ಕೊಟ್ಟು, ಹರಿದ್ವಾರಕ್ಕೆ ಕಳುಹಿಸಿದರು. ಆತನು ಹೊರಟ ಮೇಲೆ, ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಇನಾಮು ಕೊಡುವುದಾಗಿ ಯಜಮಾನರು ಕರಪತ್ರಗಳನ್ನು ಅಚ್ಚುಹಾಕಿಸಿ ಹಂಚಿಸಿದರು. ಗುಮಾಸ್ತನು ಹುಡುಗನನ್ನು ಹೃಷೀಕೇಶದಲ್ಲಿ ಕಂಡುಹಿಡಿದು ತಂತಿ ಕೊಟ್ಟನು. ಯಜಮಾನರು ಹರಿದ್ವಾರಕ್ಕೆ ಹೋಗಿ ಹುಡುಗನನ್ನು ಕರೆತಂದರು. ಗುಮಾಸ್ತನಿಗೆ ಎರಡು ಸವರನ್ನುಗಳನ್ನೂ, ಊರಿಗೆ ಬಂದಮೇಲೆ ಇಪ್ಪತ್ತು ರೂಪಾಯಿಗಳನ್ನೂ ಕೊಟ್ಟರು. ಆತನು ಆಗ ಇನ್ನೇನನ್ನೂ ಕೇಳಲಿಲ್ಲ. ಸುಮಾರು ಆರು ತಿಂಗಳು ಅಲ್ಲಿಯೇ ಕೆಲಸಮಾಡಿಕೊಂಡಿದ್ದನು. ಬಳಿಕ ಆತನನ್ನು ಕೆಲಸದಿಂದ ತೆಗೆದರು. ಆಗ ಆತನು ಕರಪತ್ರದ ಇನಾಮಿನಲ್ಲಿ 499 ರೂಪಾಯಿ ತನಗೆ ಸಲ್ಲಬೇಕೆಂದು ದಾವೆ ಹೂಡಿದನು. ಕೆಳಗಿನ ನ್ಯಾಯಾಲಯವು ದಾವೆಯನ್ನು ವಜಾಮಾಡಿತು. ಆತನು ರಿವಿಷನ್ ಅರ್ಜಿಯೊಡನೆ ಹೈಕೋರ್ಟಿಗೆ ಬಂದನು.

ಇಲ್ಲಿ ಸಂಗ್ರಹಕಾರನು ಎಡವುವ ಮೊದಲನೆಯ ಸ್ಥಳವಿದೆ. ತಾನು ಹರಿದ್ವಾರಕ್ಕೆ ಹೊರಡುವಾಗಲೇ ಯಜಮಾನರು ಇನಾಮನ್ನು ಕೊಡುವುದಾಗಿ ಮಾತುಕೊಟ್ಟಿದ್ದರೆಂದು ಗುಮಾಸ್ತನು ಹೇಳಿದ್ದನು. ಈ ಮಾತು ತೀರ್ಪಿನ ಆರಂಭದಲ್ಲಿಯೇ ಬರುವುದರಿಂದ ಅನೇಕರು ಇದನ್ನು ನಡೆದ ಸಂಗತಿಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಆದರೆ ನ್ಯಾಯಾಲಯವು ಇದನ್ನು ನಿಜವೆಂದು ಒಪ್ಪಲಿಲ್ಲ. ಪಕ್ಷಗಾರನು ಹೇಳಿದುದು ಬೇರೆ, ನ್ಯಾಯಾಲಯವು ಸಿದ್ಧವಾಯಿತೆಂದು ಕಂಡುಕೊಂಡುದು ಬೇರೆ. ಸಂಗತಿಗಳ ಅಂಗದಲ್ಲಿ ಎರಡನೆಯದಕ್ಕೆ ಮಾತ್ರ ಎಡೆಯುಂಟು. ಮೊದಲನೆಯದನ್ನು ಹೇಳಲೇಬೇಕಾದರೆ "ವಾದಿಯು ಹೀಗೆಂದನು, ಅದನ್ನು ನಂಬಲಿಲ್ಲ" ಎಂದು ಸೇರಿಸಿಯೇ ಹೇಳಬೇಕು. ಈ ಒಂದು ಮಾತನ್ನು ಬಿಟ್ಟರೆ, ಮಾತುಕೊಟ್ಟಿದ್ದರೂ ಹಣ ಕೊಡಿಸದ ತೀರ್ಪೆಂಬ ಅಪವಾದವು ಆ ನ್ಯಾಯಮೂರ್ತಿಗಳ ಮೇಲೆ ಬೀಳುತ್ತದೆ.

ಎರಡನೆಯದು ಪ್ರಶ್ನೆ. "ಗುಮಾಸ್ತನಿಗೆ ಇನಾಮು ಸಲ್ಲಬೇಕೆ?" ಎಂದು ಬರೆದರೆ ಅದು ಪಕ್ಷಗಾರರ ಜಗಳದ ಪ್ರಶ್ನೆಯಾಯಿತು; ನ್ಯಾಯದ ಪ್ರಶ್ನೆಯಾಗಲಿಲ್ಲ. "ಪ್ರಸ್ತಾಪಕ್ಕೆ ಅಂಗೀಕಾರ ಹೇಗಾಗುತ್ತದೆ?" ಎಂದು ಬರೆದರೆ ಅದು ಪಠ್ಯಪುಸ್ತಕದ ಒಂದು ಅಧ್ಯಾಯವೇ ಆಯಿತು. ಮೊದಲನೆಯದು ತೀರ ಕಿರಿದು, ಎರಡನೆಯದು ತೀರ ಹಿರಿದು. ಶಾಸನದ ಮಾತೂ ಈ ಮೊಕದ್ದಮೆಯ ಮುಖ್ಯ ಸಂಗತಿಯೂ ಒಂದೇ ವಾಕ್ಯದಲ್ಲಿ ಕೂಡಿದಾಗ ಪ್ರಶ್ನೆಯು ಸರಿಯಾಗುತ್ತದೆ. ಇಲ್ಲಿ ಶಾಸನವೆಂದರೆ ಇಂದಿಗೂ ಜಾರಿಯಲ್ಲಿರುವ 1872ರ ಕರಾರು ಶಾಸನದ 8ನೆಯ ಸೆಕ್ಷನ್ನು. ಪ್ರಸ್ತಾಪದಲ್ಲಿ ಹೇಳಿದ ಷರತ್ತನ್ನು ನೆರವೇರಿಸುವುದೇ ಅದರ ಅಂಗೀಕಾರವೆಂದು ಅದು ಹೇಳುತ್ತದೆ. ಕರಪತ್ರದ ಷರತ್ತು ಹುಡುಗನನ್ನು ಪತ್ತೆಮಾಡುವುದು, ತಾನು ಪತ್ತೆಮಾಡಿದ್ದೇನೆ, ಆದುದರಿಂದ ಕರಪತ್ರದ ವಿಷಯ ತನಗೆ ತಿಳಿದಿರಲಿ ಬಿಡಲಿ ಕರಾರು ಆಯಿತು ಎಂಬುದೇ ಗುಮಾಸ್ತನ ವಾದ. ಆದುದರಿಂದ ಪ್ರಶ್ನೆಯನ್ನು ಹೀಗೆ ಬರೆಯಬಹುದು: ಇನಾಮಿನ ಪ್ರಕಟಣೆಗೆ ಮುಂಚೆಯೇ ಯಜಮಾನನ ಆಜ್ಞೆಯಂತೆ ಹುಡುಕಲು ಹೊರಟ ನೌಕರನು ಹುಡುಗನನ್ನು ಪತ್ತೆಮಾಡಿದರೆ, 8ನೆಯ ಸೆಕ್ಷನ್ನಿನ ಪ್ರಕಾರ ಕರಾರು ಏರ್ಪಟ್ಟಿತೆಂದು ಇನಾಮನ್ನು ಕೇಳಬಹುದೆ?

ಇನ್ನು ಕಾರಣಗಳು. ತೀರ್ಪು ಇಲ್ಲಿ ಎರಡು ಮೆಟ್ಟಿಲುಗಳನ್ನು ಏರುತ್ತದೆ. ಇಂಥ ದಾವೆಗೆ ಕರಾರೊಂದೇ ಆಧಾರ. ಕರಾರಿಗೆ ಅಂಗೀಕಾರ ಬೇಕು. ಪ್ರಸ್ತಾಪವೇ ತಿಳಿಯದವನು ಅದನ್ನು ಅಂಗೀಕರಿಸಲಾರನು. ಯಾವ ಉದ್ದೇಶದಿಂದ ಕೆಲಸಮಾಡಿದನೆಂಬುದು ಮುಖ್ಯವಲ್ಲ, ಆದರೆ ತಿಳಿವಳಿಕೆಯೂ ಅಂಗೀಕರಿಸುವ ಸಂಕಲ್ಪವೂ ಬೇಕು. ಇದು ಮೊದಲನೆಯ ಮೆಟ್ಟಿಲು. ಎರಡನೆಯದು ಹೀಗೆ: ಕಾಣೆಯಾದ ಹುಡುಗನನ್ನು ಹುಡುಕುವುದು ಗುಮಾಸ್ತನ ದಿನದ ಕೆಲಸವಲ್ಲ, ನಿಜ. ಆದರೆ ಹರಿದ್ವಾರಕ್ಕೆ ಹೋಗಲು ಒಪ್ಪಿದಾಗ ಆತನು ಆ ಕರ್ತವ್ಯವನ್ನು ಕೈಗೊಂಡನು. ಆಗಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದುದು, ಆಮೇಲೆ ಯಜಮಾನನು ಲೋಕಕ್ಕೆಲ್ಲ ಕೊಟ್ಟ ಮಾತಿಗೆ ಪ್ರತಿಫಲವಾಗದು. ಪ್ರತಿಫಲವಿಲ್ಲದೆ ಕರಾರಿಲ್ಲ.

ಹೆಚ್ಚಿನ ಸಂಗ್ರಹಗಳು ಈ ಎರಡನೆಯ ಮೆಟ್ಟಿಲನ್ನು ಬಿಟ್ಟು, "ಪ್ರಸ್ತಾಪವು ತಿಳಿಯದಿದ್ದುದರಿಂದ ಇನಾಮು ಸಿಕ್ಕಲಿಲ್ಲ" ಎಂದು ಮುಗಿಸುತ್ತವೆ. ಇದರಿಂದ ಕೆಡುವುದೇನು? ತೀರ್ಪಿನಲ್ಲಿಯೇ ಒಂದು ಸಣ್ಣ ಮಾತಿದೆ: ಆ ಕರಪತ್ರಗಳಲ್ಲಿ ಕೆಲವನ್ನು ಹರಿದ್ವಾರದಲ್ಲಿದ್ದ ಗುಮಾಸ್ತನಿಗೂ ಕಳುಹಿಸಿದಂತೆ ತೋರುತ್ತದೆ. ಹಾಗಾದರೆ ಆತನಿಗೆ ಏನೂ ತಿಳಿದಿರಲಿಲ್ಲವೆಂಬುದರ ಮೇಲೆಯೇ ಇಡೀ ತೀರ್ಪನ್ನು ನಿಲ್ಲಿಸುವುದು ಅಪಾಯ. ಆತನು ಹೊರಡುವಾಗ ಕರಪತ್ರ ಇರಲಿಲ್ಲವೆಂಬುದು ಸ್ಥಿರವಾದ ಸಂಗತಿ. ಆಮೇಲೂ ತಿಳಿಯಲೇ ಇಲ್ಲವೆಂಬುದು ಹಾಗಲ್ಲ. ನ್ಯಾಯಮೂರ್ತಿಗಳು ತಿಳಿವಳಿಕೆಯ ನಿಯಮವನ್ನು ಸಾಮಾನ್ಯವಾಗಿ ಹೇಳಿ, ಅನಂತರ ಈ ಮೊಕದ್ದಮೆಗೆ ತಿರುಗಿ, ಮೊದಲೇ ಇದ್ದ ಕರ್ತವ್ಯದ ಮೇಲೆ ಭಾರವನ್ನಿಟ್ಟರು.

ಯಾವ ಸಂಗತಿಯು ತೀರ್ಪಿಗೆ ಆಧಾರವೆಂಬುದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವಿದೆ. ಒಂದೊಂದು ಸಂಗತಿಯನ್ನು ಬದಲಾಯಿಸಿ, ಫಲವು ಬದಲಾಗುವುದೇ ಎಂದು ನೋಡಬೇಕು. ಹೃಷೀಕೇಶದ ಬದಲು ಕಾಶಿಯಲ್ಲಿ ಹುಡುಗನು ಸಿಕ್ಕಿದ್ದರೆ ತೀರ್ಪು ಬದಲಾಗದು. ಗುಮಾಸ್ತನನ್ನು ಕೆಲಸದಿಂದ ತೆಗೆಯದೆ ಇದ್ದಿದ್ದರೂ ಬದಲಾಗದು. ಇವು ಕಥೆಗೆ ಬೇಕು, ಕಾರಣಕ್ಕೆ ಬೇಡ. ಈಗ ಹರಿದ್ವಾರದ ಯಾತ್ರಿಕನೊಬ್ಬನು ಕರಪತ್ರವನ್ನು ಓದಿ ಹುಡುಗನನ್ನು ಪತ್ತೆಮಾಡಿದನೆನ್ನೋಣ: ಎರಡು ಮೆಟ್ಟಿಲೂ ಆತನಿಗೆ ಅಡ್ಡಿಯಲ್ಲ, ಇನಾಮು ಸಲ್ಲಬೇಕು. ಅದೇ ಯಾತ್ರಿಕನು ಕರಪತ್ರವನ್ನು ಕಾಣದೆಯೇ ಹುಡುಗನನ್ನು ಮನೆಗೆ ಮುಟ್ಟಿಸಿದ್ದರೆ ಮೊದಲನೆಯ ಮೆಟ್ಟಿಲಿನಲ್ಲಿಯೇ ಎಡವುತ್ತಾನೆ. ಇನ್ನು ಹುಡುಕಲು ಹೊರಟ ಗುಮಾಸ್ತನೇ ದಾರಿಯಲ್ಲಿ ಕರಪತ್ರವನ್ನು ಓದಿಕೊಂಡಿದ್ದರೆ? ಮೇಲೆ ಹೇಳಿದ ಅರೆಸಂಗ್ರಹವನ್ನು ನಂಬಿದವರು ಆತನಿಗೆ ಇನಾಮು ಸಿಕ್ಕುತ್ತದೆಂದು ಹೇಳುವರು. ತೀರ್ಪನ್ನು ಪೂರ್ತಿಯಾಗಿ ಓದಿದವರು ಸಿಕ್ಕದೆಂದು ಹೇಳುವರು; ಏಕೆಂದರೆ ಎರಡನೆಯ ಮೆಟ್ಟಿಲು ಹಾಗೆಯೇ ಉಳಿದಿದೆ. ಅರೆಸಂಗ್ರಹವನ್ನು ನಂಬಿ ನ್ಯಾಯಾಲಯಕ್ಕೆ ಹೋದ ನೌಕರನು ಕೈಯಿಂದ ಖರ್ಚನ್ನೂ ತೆತ್ತು ಬರಬೇಕಾಗುತ್ತದೆ.

ನಾಲ್ಕನೆಯದು ಆಜ್ಞೆ. ಕೆಳಗಿನ ನ್ಯಾಯಾಲಯದ ನಿರ್ಣಯವು ಸರಿಯೆಂದು ಹೇಳಿ, ನ್ಯಾಯಮೂರ್ತಿಗಳು ಅರ್ಜಿಯನ್ನು ಖರ್ಚುಸಹಿತ ವಜಾಮಾಡಿದರು. ಆಜ್ಞೆ ಇಷ್ಟೆ. ಇದಕ್ಕೆ ಕಾರಣವನ್ನು ಬೆರೆಸಬಾರದು, ಇಲ್ಲದುದನ್ನು ಸೇರಿಸಲೂ ಬಾರದು. ಗುಮಾಸ್ತನು ಎರಡು ಸವರನ್ನುಗಳನ್ನೂ ಇಪ್ಪತ್ತು ರೂಪಾಯಿಗಳನ್ನೂ ಹಿಂದಿರುಗಿಸಬೇಕೆಂದು ಆಜ್ಞೆಯಲ್ಲಿಲ್ಲ. ಆತನು ಕೃತಜ್ಞತೆಗೆ ಅರ್ಹನಲ್ಲವೆಂದೂ ಇಲ್ಲ. ಆಜ್ಞೆಯು ಆ ಇಬ್ಬರನ್ನು ಕಟ್ಟುತ್ತದೆ. ಮುಂದಿನ ಮೊಕದ್ದಮೆಗಳಿಗೆ ದಾರಿ ತೋರುವುದು ಕಾರಣವೇ. ಆದುದರಿಂದಲೇ ಇವೆರಡನ್ನು ಬೇರೆ ಬೇರೆಯಾಗಿ ಬರೆಯುತ್ತೇವೆ.

ಇಷ್ಟನ್ನು ನೋಡಿದ ಮೇಲೆ ಸಂಗ್ರಹವು ತಾನಾಗಿಯೇ ಚಿಕ್ಕದಾಗುತ್ತದೆ. ಕಾಣೆಯಾದ ಹುಡುಗನನ್ನು ಹುಡುಕಲು ಯಜಮಾನನು ತನ್ನ ಗುಮಾಸ್ತನನ್ನು ಖರ್ಚುಕೊಟ್ಟು ಕಳುಹಿಸಿದನು. ಆತನು ಹೊರಟ ಬಳಿಕ 501 ರೂಪಾಯಿ ಇನಾಮನ್ನು ಪ್ರಕಟಿಸಿದನು. ಗುಮಾಸ್ತನು ಹುಡುಗನನ್ನು ಪತ್ತೆಮಾಡಿ ಇನಾಮನ್ನು ಕೇಳಿದನು. ಪತ್ತೆಮಾಡಿದುದರಿಂದಲೇ 8ನೆಯ ಸೆಕ್ಷನ್ನಿನಂತೆ ಕರಾರು ಆಯಿತೆ ಎಂಬುದು ಪ್ರಶ್ನೆ. ಆಗಲಿಲ್ಲ: ಪ್ರಸ್ತಾಪದ ತಿಳಿವಳಿಕೆಯಿಲ್ಲದೆ ಅಂಗೀಕಾರವಿಲ್ಲ, ಮೇಲಾಗಿ ಆಗಲೇ ಕೈಗೊಂಡಿದ್ದ ಕರ್ತವ್ಯವನ್ನು ನೆರವೇರಿಸಿದುದು ಹೊಸ ಮಾತಿಗೆ ಪ್ರತಿಫಲವಲ್ಲ. ಅರ್ಜಿ ಖರ್ಚುಸಹಿತ ವಜಾ.

ಇಲ್ಲಿ ಹೃಷೀಕೇಶವಿಲ್ಲ, ಸವರನ್ನಿಲ್ಲ, ಕೆಲಸ ಹೋದ ದುಃಖವೂ ಇಲ್ಲ. ಆ ದುಃಖವು ಓದುವವರ ಮನಸ್ಸನ್ನು ಮುಟ್ಟದಿರದು. ಊರೂರು ಅಲೆದು ಹುಡುಗನನ್ನು ಕಂಡುಹಿಡಿದವನು ಬರಿಗೈಯಲ್ಲಿ ನ್ಯಾಯಾಲಯದಿಂದ ಹೊರಬಂದನಲ್ಲಾ ಎಂದು ನಮಗೂ ಅನಿಸುತ್ತದೆ. ತೀರ್ಪು ಸರಿಯೇ ಎಂದು ವಿಮರ್ಶಿಸುವ ಹಕ್ಕು ನಮ್ಮೆಲ್ಲರಿಗೂ ಉಂಟು. ಆದರೆ ಆ ವಿಮರ್ಶೆಯು ಸಂಗ್ರಹವು ಮುಗಿದ ಮೇಲೆ, ಬೇರೊಂದು ಹಾಳೆಯಲ್ಲಿ ಬರಬೇಕು. ನ್ಯಾಯಮೂರ್ತಿಗಳು ಹೇಳಿದುದೇನೆಂದು ಮೊದಲು ನೆಟ್ಟಗೆ ತಿಳಿದವನಿಗೆ ಮಾತ್ರ, ಅವರೊಡನೆ ವಾದಿಸಲು ನಿಲ್ಲುವ ನೆಲ ಸಿಕ್ಕುತ್ತದೆ.