ಸ್ನೇಹವೋ, ಪ್ರೀತಿಯೋ: ಡೊಂಬಿವಲಿಯಿಂದ ಬಂದ ಪ್ರಶ್ನೆ

ಡೊಂಬಿವಲಿಯ ಕನ್ನಡದ ಹುಡುಗಿಯೊಬ್ಬಳು ಬರೆದು ಕೇಳಿದ್ದಾಳೆ. ಐರೋಲಿಯ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬ ದಿನಾ ಚಹಾಕ್ಕೆ ಕರೆಯುತ್ತಾನೆ, ಸಂಜೆ ಠಾಣೆಯಲ್ಲಿ ಅವಳು ಕಲ್ಯಾಣದ ಕಡೆಯ ಲೋಕಲ್ ಹತ್ತುವವರೆಗೂ ನಿಲ್ಲುತ್ತಾನೆ. ಇದು ಪ್ರೀತಿಯಾ?

ಅವಳಿಗಾಗಿ ಮೂರು ಟ್ಯಾರೋ ಕಾರ್ಡ್ ತೆಗೆದೆ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳಿವು.

ಮೊದಲನೆಯದು ಪೇಜ್ ಆಫ್ ಕಪ್ಸ್. ಯುವಕನ ಕೈಯ ಬಟ್ಟಲಿನಿಂದ ಮೀನೊಂದು ಇಣುಕುತ್ತಿದೆ. ಅಕ್ಕರೆ ನಿಜ, ಆದರೆ ಇನ್ನೂ ಎಳೆಯದು.

ಎರಡನೆಯದು ತ್ರೀ ಆಫ್ ಪೆಂಟಕಲ್ಸ್. ಕಲ್ಲುಕುಟಿಗ ಕೆಲಸದಲ್ಲಿದ್ದಾನೆ, ಇಬ್ಬರು ನಕ್ಷೆ ಹಿಡಿದು ಮಾತಾಡುತ್ತಿದ್ದಾರೆ. ಇದು ಜೊತೆಗೂಡಿ ದುಡಿಯುವವರ ಕಾರ್ಡ್. ನನ್ನ ಓದು ನಿಂತಿರುವುದು ಇದರ ಮೇಲೆ: ಈ ಸಲಿಗೆಯ ಬೇರು ಆಫೀಸಿನಲ್ಲೇ ಇದೆ.

ಮೂರನೆಯದು ಟೂ ಆಫ್ ಸ್ವೋರ್ಡ್ಸ್. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣು, ಎದೆಯ ಮೇಲೆ ಎರಡು ಕತ್ತಿ. ಇದು ಅವನಲ್ಲ, ನೀನೇ ತಂಗಿ. ನಿನಗೆ ಅವನು ಬೇಕೋ ಬೇಡವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಇಬ್ಬರೂ ಬಟ್ಟಲು ಎತ್ತಿ ಎದುರುಬದುರು ನಿಲ್ಲುವ ಟೂ ಆಫ್ ಕಪ್ಸ್ ಬರಲಿಲ್ಲ. ಬಂದಿದ್ದರೂ ಅವನ ಮನಸ್ಸನ್ನು ಕಾರ್ಡ್ ಹೇಳಲಾರದು. ಅದನ್ನು ಅವನ ನಡತೆಯಲ್ಲೇ ನೋಡಬೇಕು. ಚಹಾಕ್ಕೆ ಎಲ್ಲರನ್ನೂ ಕರೆಯುತ್ತಾನಾ, ನಿನ್ನನ್ನು ಮಾತ್ರವಾ? ರಜೆಯ ದಿನ, ಕೆಲಸದ ನೆಪವಿಲ್ಲದೆ, ಅವನಾಗಿಯೇ ಮೆಸೇಜ್ ಮಾಡುತ್ತಾನಾ? ಮಾಡದಿದ್ದರೆ ಸ್ನೇಹ ಎಂದೇ ತಿಳಿ.

ನನ್ನ ತೀರ್ಪು: ಸದ್ಯಕ್ಕೆ ಇದು ಒಳ್ಳೆಯ ಸ್ನೇಹ. ನಿನಗೆ ಮನಸ್ಸಿದ್ದರೆ ಒಂದು ಭಾನುವಾರ ಠಾಣೆಯ ತಲಾವ್ ಪಾಳಿಗೆ ನೀನೇ ಕರೆದು ನೇರವಾಗಿ ಕೇಳು. ಅವನು ಇಲ್ಲ ಎಂದರೆ, ಮತ್ತೆ ಕಾರ್ಡ್ ತೆಗೆಸಬೇಡ.