ಗಾಜಿನ ಮುಖ, ಜಾಲರಿಯ ಮುಖ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿನ ಬಿಡಿಭಾಗ ಕೊಳ್ಳಲು ಹೋದವರು ಕ್ಯಾಬಿನೆಟ್ ಆರಿಸುವಾಗ ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕುತ್ತಾರೆ: ಜಾಲರಿಯ ಮುಖ ತೂತು ತೂತು, ದೂಳು ಒಳಗೆ ಬರುತ್ತದೆ, ಗಾಜಿನ ಮುಖ ಮುಚ್ಚಿದೆ, ಒಳಗೆಲ್ಲ ಚೊಕ್ಕಟ. ಕೇಳಲು ಸರಿಯೆನಿಸುವ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ.

2017ರಲ್ಲಿ ಕೂಲರ್ ಮಾಸ್ಟರ್ ಕಂಪನಿ ಎಚ್500ಪಿ ಎಂಬ ಕ್ಯಾಬಿನೆಟ್ ತಂದಿತು. ಮುಂಭಾಗದಲ್ಲಿ 200 ಮಿಲಿಮೀಟರಿನ ಎರಡು ದೈತ್ಯ ಫ್ಯಾನುಗಳು. ಅವುಗಳ ಬಣ್ಣದ ಬೆಳಕು ಕಾಣಲೆಂದು ಮುಂದೆ ಗಾಜಿನಂತಹ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಗಾಳಿಗೆ ಉಳಿದದ್ದು ಹಲಗೆಯ ಅಂಚಿನ ಸಂದು ಮಾತ್ರ. ಅಮೆರಿಕದ ವಿಮರ್ಶಕ ತಂಡ ಗೇಮರ್ಸ್ ನೆಕ್ಸಸ್ ಅದನ್ನು ಪರೀಕ್ಷೆಗೆ ಒಡ್ಡಿತು. ಬೇರೇನನ್ನೂ ಮುಟ್ಟದೆ ಮುಂದಿನ ಹಲಗೆಯನ್ನಷ್ಟೇ ಕಳಚಿದಾಗ ಒಳಗಿನ ಬಿಸಿ ಗಣನೀಯವಾಗಿ ಇಳಿಯಿತು. ಟೀಕೆ ಜೋರಾಯಿತು. 2018ರಲ್ಲಿ ಅದೇ ಕ್ಯಾಬಿನೆಟ್ ಜಾಲರಿಯ ಮುಖ ತೊಟ್ಟು ಮತ್ತೆ ಅಂಗಡಿಗೆ ಬಂತು. ಫ್ಯಾನು ಚೆನ್ನಾಗಿ ಕಾಣಲೆಂದು ಅದರ ಮೂಗನ್ನೇ ಮುಚ್ಚಿದ್ದರಲ್ಲ, ಆ ವಿನ್ಯಾಸಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕಿರಲಿಲ್ಲ.

ಸಂದು ಇದೆಯಲ್ಲ, ಗಾಳಿ ಅಲ್ಲಿಂದಲೇ ಬರಬಾರದೇ? ಬರುತ್ತದೆ, ಆದರೆ ಸಾಲುವುದಿಲ್ಲ. 120 ಮಿಲಿಮೀಟರಿನ ಫ್ಯಾನಿನಲ್ಲಿ ನಡುವಿನ ಗುಂಡಿಯನ್ನು ಬಿಟ್ಟರೆ ಗಾಳಿ ಹಾಯುವ ಜಾಗ ಸುಮಾರು 100 ಚದರ ಸೆಂಟಿಮೀಟರ್. ಮೂರು ಫ್ಯಾನಿಗೆ 300. ಇನ್ನು 40 ಸೆಂಟಿಮೀಟರ್ ಎತ್ತರದ ಗಾಜಿನ ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ಸಂದು ಬಿಟ್ಟರೆ ಸಿಗುವ ಜಾಗ 80 ಮಾತ್ರ. ಅಷ್ಟೇ ಗಾಳಿ ಆ ಸಂದಿನಲ್ಲಿ ನುಗ್ಗಬೇಕಾದರೆ ವೇಗ ಹೆಚ್ಚುಕಡಿಮೆ ನಾಲ್ಕು ಪಟ್ಟಾಗಬೇಕು. ಬೇಕಾದ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅದು ಸುಮಾರು ಹದಿನಾಲ್ಕು ಪಟ್ಟು. ಕಂಪ್ಯೂಟರಿನ ಫ್ಯಾನಿಗೆ ಆ ತ್ರಾಣವಿಲ್ಲ. ಸಿಕ್ಕಷ್ಟು ಗಾಳಿಯನ್ನೇ ಎಳೆದುಕೊಂಡು ಸುಮ್ಮನಾಗುತ್ತದೆ.

ಪರಿಣಾಮವನ್ನೂ ಲೆಕ್ಕ ಹಾಕಬಹುದು. 500 ವಾಟ್ ಬಿಸಿ ಉಗುಳುವ ಕಂಪ್ಯೂಟರಿನೊಳಗೆ ಸೆಕೆಂಡಿಗೆ 50 ಲೀಟರ್ ಗಾಳಿ ಹಾಯ್ದರೆ ಆ ಗಾಳಿ ಸುಮಾರು 8 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ. 25 ಲೀಟರ್ ಮಾತ್ರ ಹಾಯ್ದರೆ 16 ಡಿಗ್ರಿ ದಾಟುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಕೋಣೆಯೊಂದು ತಾನೇ 38 ಡಿಗ್ರಿಯಲ್ಲಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಕಿರುಚತೊಡಗುತ್ತದೆ. ಗಾಜು ಸದ್ದನ್ನು ತಡೆಯುತ್ತದೆಂಬ ಜಾಹೀರಾತಿನ ಮಾತು ಅಲ್ಲಿಗೆ ಮುಗಿಯಿತು.

ಈಗ ದೂಳಿನ ಕತೆ. ಮುಂಬಾಗಿಲು ಭದ್ರವಾಗಿ ಮುಚ್ಚಿದ ಮನೆಯಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ. ಹೊರಹೋದ ಗಾಳಿಯ ಜಾಗ ತುಂಬಲೇಬೇಕು. ಬಾಗಿಲಡಿಯ ಸಂದು, ಕಿಟಕಿಯ ಬಿರುಕು, ಬಚ್ಚಲಿನ ಗವಾಕ್ಷಿ, ಎಲ್ಲಿಂದಾದರೂ ಸರಿ, ಸುಯ್ಯೆಂದು ನುಗ್ಗುತ್ತದೆ. ಮುಂಬಾಗಿಲಿಗೆ ಹಾಕಿದ ಸೊಳ್ಳೆಪರದೆ ಆಗ ಯಾವ ಕೆಲಸಕ್ಕೂ ಬರುವುದಿಲ್ಲ. ಗಾಜಿನ ಮುಖದ ಕ್ಯಾಬಿನೆಟ್ಟಿನಲ್ಲಿ ಆಗುವುದೂ ಇದೇ. ಮುಂದಿನ ಫ್ಯಾನುಗಳಿಗೆ ಗಾಳಿ ಸಿಗದು, ಹಿಂದಿನ ಮತ್ತು ಮೇಲಿನ ಫ್ಯಾನುಗಳು ಮಾತ್ರ ಸರಾಗವಾಗಿ ಹೊರದಬ್ಬುತ್ತವೆ. ಒಳಗಿನ ಒತ್ತಡ ಹೊರಗಿಗಿಂತ ತುಸು ತಗ್ಗುತ್ತದೆ. ಆಗ ಕಾರ್ಡುಗಳ ಪಕ್ಕದ ಸೀಳು, ಹಲಗೆಗಳ ಕೂಡು, ಕೇಬಲ್ಲಿನ ತೂತು ಎಲ್ಲವೂ ಗಾಳಿ ಬರುವ ದಾರಿಗಳು. ಅಲ್ಲೆಲ್ಲೂ ಫಿಲ್ಟರ್ ಇರುವುದಿಲ್ಲ. ಮುಖ ಥಳಥಳಿಸುತ್ತಿದ್ದರೂ ಬೆನ್ನ ಹಿಂದೆ ದೂಳು ಗೆರೆಗೆರೆಯಾಗಿ ಕೂತಿರುತ್ತದೆ.

ಇದನ್ನು ಪತ್ತೆಮಾಡಲು ಒಂದು ಊದುಬತ್ತಿ ಸಾಕು. ಕಂಪ್ಯೂಟರ್ ಓಡುತ್ತಿರುವಾಗ ಹಿಂಬದಿಯ ಖಾಲಿ ಸೀಳುಗಳ ಹತ್ತಿರ ಹಿಡಿದರೆ ಹೊಗೆ ಒಳಗೆ ಹೋಗುತ್ತದೆಯೋ ಹೊರಗೆ ತಳ್ಳಿಸಿಕೊಳ್ಳುತ್ತದೆಯೋ ಕಣ್ಣಿಗೇ ಕಾಣುತ್ತದೆ. ಹೊರಗೆ ತಳ್ಳಿದರೆ ಒಳ್ಳೆಯದು: ಬರುವ ಗಾಳಿ ಹೆಚ್ಚು, ಅದೂ ಫಿಲ್ಟರ್ ದಾಟಿ ಬಂದದ್ದು.

ಹಾಗಂತ ಜಾಲರಿ ಪವಾಡವೇನಲ್ಲ. ಮಿಲಿಮೀಟರ್ ಅಗಲದ ತೂತುಗಳು ದೂಳನ್ನು ತಡೆಯುವುದಿಲ್ಲ. ಕೂದಲು, ನೂಲಿನೆಳೆ ಸಿಕ್ಕಿಕೊಂಡರೆ ಹೆಚ್ಚು. ತಡೆಯುವುದು ಹಿಂದಿರುವ ನವಿರು ನೈಲಾನ್ ಬಲೆ, ಇಲ್ಲವೇ ಫ್ಯಾಂಟೆಕ್ಸ್ ಪಿ400ಎ ಮಾದರಿಯಲ್ಲಿರುವಂತೆ ಜಾಲರಿಯನ್ನೇ ಅಷ್ಟು ಸಣ್ಣಗೆ ನೇಯ್ದಿರಬೇಕು. ಅತಿ ನವಿರಾದ ದೂಳು ಅದನ್ನೂ ದಾಟಿ ಹೋಗುತ್ತದೆ. ಬಲೆ ದಪ್ಪಗೆ ದೂಳು ಹೊದ್ದುಕೊಂಡಿತೆಂದರೆ ಗಾಳಿಯ ಪಾಲಿಗೆ ಅದೂ ಗಾಜೇ. ವ್ಯತ್ಯಾಸವಿಷ್ಟೆ: ಜಾಲರಿಯ ದೂಳು ಕಣ್ಣೆದುರೇ ಇರುತ್ತದೆ, ಕಳಚಿ ತೊಳೆಯಬಹುದು. ಗ್ರಾಫಿಕ್ಸ್ ಕಾರ್ಡಿನ ಲೋಹದ ಹಾಳೆಗಳ ನಡುವೆ ಕೂತ ದೂಳು ತೆಗೆಯಲು ಕಂಪ್ಯೂಟರನ್ನೇ ಬಿಚ್ಚಬೇಕು.

ಗಾಜೇ ಬೇಕು ಎನ್ನುವವರಿಗೂ ದಾರಿಯಿದೆ. ಲಿಯಾನ್ ಲಿ ಕಂಪನಿಯ ಓ11 ಡೈನಾಮಿಕ್ ಕ್ಯಾಬಿನೆಟ್ಟಿಗೆ ಮುಂದೆಯೂ ಪಕ್ಕಕ್ಕೂ ಗಾಜಿದೆ, ಆದರೂ ಉಸಿರುಗಟ್ಟುವುದಿಲ್ಲ. ಗಾಜಿನ ಹಿಂದೆ ಫ್ಯಾನನ್ನೇ ಇಡದೆ ಕೆಳಗಿನಿಂದ, ಇನ್ನೊಂದು ಪಕ್ಕದಿಂದ ಗಾಳಿ ಎಳೆಯುವ ವಿನ್ಯಾಸ ಅದು. ಅದನ್ನು ನೆಲದ ಮೇಲಿಟ್ಟರೆ ಮಾತ್ರ ಕಸಬರಿಕೆ ಎಬ್ಬಿಸಿದ ದೂಳೆಲ್ಲ ತಳದ ಫಿಲ್ಟರಿಗೇ ಮೆತ್ತಿಕೊಳ್ಳುವುದರಿಂದ ಮೇಜಿನ ಮೇಲಿಡುವುದೇ ವಾಸಿ.